ಲಗ್ನಪತ್ರಿಕೆಗೆ ಸ್ಪಾಟ್ ಯುವಿ ಬೇಕಾ, ಎಂಬಾಸಿಂಗ್ ಬೇಕಾ?

ಅಕ್ಕನ ಮಗಳ ಮದುವೆಗೆ 500 ಲಗ್ನಪತ್ರಿಕೆ ಬೇಕಿತ್ತು. ಮುಖಪುಟದಲ್ಲಿ ಗಣಪತಿ, ಸುತ್ತ ತೆಳು ಬಾರ್ಡರ್, ಕೆಳಗೆ ವಧು-ವರರ ಹೆಸರು. ಇದೇ ಡಿಸೈನ್‌ಗೆ ಸ್ಪಾಟ್ ಯುವಿ ಒಂದು, ಎಂಬಾಸಿಂಗ್ ಒಂದು, ಎರಡೂ ಸೇರಿಸಿದ್ದು ಒಂದು ಸ್ಯಾಂಪಲ್ ತೆಗೆಸಿ ನೋಡಿದೆವು.

ಸ್ಪಾಟ್ ಯುವಿ ಅಂದರೆ ಬೇಕಾದ ಜಾಗಕ್ಕೆ ಮಾತ್ರ ಹೊಳೆಯುವ ವಾರ್ನಿಷ್ ಹಾಕಿ, ಯುವಿ ದೀಪದಡಿ ಒಣಗಿಸೋದು. ಸುತ್ತಲ ಜಾಗ ಮಂಕಾಗಿದ್ದರೆ ಮಾತ್ರ ಆ ಹೊಳಪು ಎದ್ದು ಕಾಣುತ್ತದೆ. ಅದಕ್ಕೇ ಮೊದಲು ಮ್ಯಾಟ್ ಲ್ಯಾಮಿನೇಶನ್, ಅಂದರೆ ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಪದರ ಅಂಟಿಸುತ್ತಾರೆ, ಆ ಖರ್ಚೂ ಇದರ ಜೊತೆಗೇ ಬರುತ್ತದೆ. ಕಡು ಮೆರೂನ್ ಕಾರ್ಡಿನ ಮೇಲೆ ಗಣಪತಿ ಚೆಂದ ಬಂದ. ಬಾರ್ಡರ್ ಮಾತ್ರ ಕೈಕೊಟ್ಟಿತು. ವಾರ್ನಿಷ್ ಕೂದಲೆಳೆಯಷ್ಟು ಸರಿದರೂ ತೆಳು ಗೆರೆ ಎರಡೆರಡಾಗಿ ಕಾಣುತ್ತದೆ. ಮಡಿಕೆ ಬರುವಲ್ಲಿ ವಾರ್ನಿಷ್ ಬಿರುಕು ಬಿಟ್ಟಿತ್ತು. ಇನ್ನೊಂದು ತೊಂದರೆ ನಮ್ಮ ಪದ್ಧತಿಯಿಂದಲೇ ಬಂದಿದ್ದು. ನಾಲ್ಕು ಮೂಲೆಗೆ ಅರಿಶಿನ-ಕುಂಕುಮ ಹಚ್ಚಿದರೆ, ಲ್ಯಾಮಿನೇಶನ್ ನೀರು ಹೀರದೆ ಅರಿಶಿನ ಜಾರಿ ಹರಡಿತು.

ಎಂಬಾಸಿಂಗ್‌ಗೆ ಕೆನೆಬಣ್ಣದ, ಲ್ಯಾಮಿನೇಶನ್ ಇಲ್ಲದ 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಆರಿಸಿದೆವು. ಲೋಹದ ಬ್ಲಾಕ್ ಮತ್ತು ಅದರ ಎದುರಚ್ಚಿನ ನಡುವೆ ಒತ್ತಿ ಕಾಗದವನ್ನೇ ಉಬ್ಬಿಸುತ್ತಾರೆ. ಶಾಯಿಯೇ ಇಲ್ಲದೆ ಗಣಪತಿ ಮೂಡಿದ್ದ. ಕಾರ್ಡ್ ಕೈಗೆ ಕೊಟ್ಟರೆ ಅಮ್ಮ ಮೊದಲು ಸೊಂಡಿಲಿನ ಮೇಲೆ ಬೆರಳಾಡಿಸಿದರು. ಅರಿಶಿನವೂ ಚೆನ್ನಾಗಿ ಹೀರಿಕೊಂಡಿತು. ಆದರೆ ಹೆಸರುಗಳು ಕೆಟ್ಟವು. ಕನ್ನಡ ಅಕ್ಷರದ ಸಣ್ಣ ಸುರುಳಿ, ಒತ್ತಕ್ಷರ ಕಾಗದದಲ್ಲಿ ಮೂಡದೆ ಮುಚ್ಚಿಹೋದವು. ‘ಶ್ರೀ’ಯ ಅಡಿಯ ಒತ್ತು ಬರೀ ಗಂಟಿನಂತಿತ್ತು. ಹಿಂಬದಿಯಲ್ಲಿ ಗುಳಿ ಬೀಳೋದರಿಂದ ಅಲ್ಲಿ ಏನನ್ನೂ ಅಚ್ಚು ಹಾಕುವ ಹಾಗಿಲ್ಲ.

ಎರಡೂ ಇದ್ದ ಸ್ಯಾಂಪಲ್ ನನಗೆ ಸುಮ್ನೆ ದುಡ್ಡು ದಂಡ ಅನ್ನಿಸಿತು. ಹೊಳಪಿನಲ್ಲಿ ಉಬ್ಬಿನ ನೆರಳೇ ಕಾಣಲಿಲ್ಲ. ವಾರ್ನಿಷ್ ಮೇಲೆ ಒತ್ತಿದ ಕಡೆ ಅಂಚಿನಲ್ಲಿ ಸೀಳೂ ಬಂದಿತ್ತು.

ಎಂಬಾಸಿಂಗ್ ಖರ್ಚು ನಿಂತಿರೋದು ಎಷ್ಟು ಪ್ರತಿ ಅನ್ನೋದರ ಮೇಲೆ. ಲೆಕ್ಕಕ್ಕೆ ಬ್ಲಾಕ್‌ಗೆ 2,500 ರೂಪಾಯಿ, ಒಂದು ಒತ್ತಿಗೆ 3 ರೂಪಾಯಿ ಅಂತ ಇಟ್ಟುಕೊಳ್ಳಿ. 500 ಕಾರ್ಡಿಗೆ ತಲಾ 8 ರೂಪಾಯಿ. ಅದೇ 100 ಕಾರ್ಡಿಗೆ ತಲಾ 28. ಬ್ಲಾಕ್ ದೊಡ್ಡದಾದಷ್ಟೂ ಬೆಲೆ ಜಾಸ್ತಿ, ಹಾಗಾಗಿ ಬಾರ್ಡರ್‌ಗೆಲ್ಲ ಎಂಬಾಸಿಂಗ್ ಬೇಡ.

ಕೊನೆಗೆ ಗಣಪತಿಗೆ ಮಾತ್ರ ಎಂಬಾಸಿಂಗ್ ಮಾಡಿಸಿ, ಹೆಸರು ಮತ್ತು ಬಾರ್ಡರ್ ಮಾಮೂಲಿ ಅಚ್ಚಿನಲ್ಲೇ ಬಿಟ್ಟೆವು. ಕಡು ಬಣ್ಣದ ಕಾರ್ಡೇ ಬೇಕು ಅನ್ನೋರಿಗೆ ಸ್ಪಾಟ್ ಯುವಿ ಸರಿ, ಆದರೆ ದಪ್ಪ ಆಕಾರಕ್ಕೆ ಮಾತ್ರ, ಮಡಿಕೆಯಿಂದ ದೂರ. ವಾಟ್ಸಾಪ್‌ನಲ್ಲೇ ಹೆಚ್ಚು ಜನರಿಗೆ ಕಳಿಸೋದಾದರೆ ಎರಡೂ ಬೇಡ. ಫೋಟೋದಲ್ಲಿ ಉಬ್ಬೂ ಅಷ್ಟಾಗಿ ಕಾಣಲ್ಲ, ಹೊಳಪೂ ಕಾಣಲ್ಲ.