ಮನೇಲಿ ಮಾಡಿದ ಸಾಬೂನು ಮಾರೋ ಮುಂಚೆ ನಮ್ಮ ಕಥೆ ಒಮ್ಮೆ ಓದಿ

ನಾಚಿಕೆ ಆಗ್ತದೆ, ಆದ್ರೂ ಬರೀತಿದ್ದೇನೆ. ನಾನು ಮತ್ತೆ ನಮ್ಮ ಅತ್ತಿಗೆ ಉಡುಪಿಲಿ ಮನೆಯಲ್ಲೇ ಬೇವು, ಒಂದೆಲಗ ಹಾಕಿ ಸಾಬೂನು ಮಾಡ್ತಿದ್ವಿ, ಒಂದು ಕೆಜಿ ತೆಂಗಿನೆಣ್ಣೆಗೆ 165 ಗ್ರಾಂ ಕಾಸ್ಟಿಕ್ ಸೋಡಾ, ಇದೇ ಲೆಕ್ಕದಲ್ಲಿ ಒಂದು ವರ್ಷ ಏನೂ ತೊಂದರೆ ಇಲ್ಲ. ಅಷ್ಟಮಿ ಟೈಮಲ್ಲಿ ರಥಬೀದಿ ಹತ್ರ ಸಣ್ಣ ಸ್ಟಾಲ್ ಹಾಕಿದ್ವಿ, ಎರಡು ದಿನದಲ್ಲಿ 120 ಸೋಪ್ ಖಾಲಿ. ತಲೆಗೇರಿತು ಮಾರಾಯ್ರೆ. ಒಂದು ಅಂಗಡಿಯವರು 300 ಬೇಕು ಅಂದದ್ದೇ ತಡ, ಹೂಂ ಅಂದುಬಿಟ್ವಿ.

ಆಗ ತೆಂಗಿನೆಣ್ಣೆ ರೇಟ್ ನೋಡಿ ಹೆದರಿಕೆ ಆಯ್ತು. ಅತ್ತಿಗೆ ಹೇಳಿದ್ರು, "ಒಂದು ಕೆಜಿಲಿ 600 ಗ್ರಾಂ ರೈಸ್ ಬ್ರಾನ್ ಎಣ್ಣೆ ಹಾಕುವ, ಎಣ್ಣೆ ಎಣ್ಣೆನೇ ಅಲ್ವಾ." ನಾನೂ ಒಪ್ಪಿದೆ. ತಪ್ಪಾದದ್ದು ಇಲ್ಲೇ. ಒಂದೊಂದು ಎಣ್ಣೆಗೆ ಒಂದೊಂದು ಲೆಕ್ಕ ಉಂಟು, ಒಂದು ಗ್ರಾಂ ತೆಂಗಿನೆಣ್ಣೆ ಪೂರ್ತಿ ಸಾಬೂನಾಗ್ಲಿಕ್ಕೆ ಸುಮಾರು 0.183 ಗ್ರಾಂ ಕಾಸ್ಟಿಕ್ ಬೇಕು, ರೈಸ್ ಬ್ರಾನಿಗೆ 0.133 ಸಾಕು. ಅಂದ್ರೆ 400 ತೆಂಗಿನೆಣ್ಣೆಗೆ 73, 600 ರೈಸ್ ಬ್ರಾನಿಗೆ 80, ಒಟ್ಟು 153 ಗ್ರಾಂ. ಅದ್ರಲ್ಲೂ ಚರ್ಮಕ್ಕೆ ಮೆತ್ತಗಿರ್ಲಿ ಅಂತ ಹತ್ತು ಪರ್ಸೆಂಟ್ ಕಮ್ಮಿ ಮಾಡಿ 138 ಹಾಕ್ಬೇಕಿತ್ತು. ನಾವು ಹಾಕಿದ್ದು ಹಳೇ 165! ಕೆಜಿಗೆ ಹತ್ತು ಹನ್ನೆರಡು ಗ್ರಾಂ ಕಾಸ್ಟಿಕ್ ಹಿಡಿಲಿಕ್ಕೆ ಎಣ್ಣೆನೇ ಇಲ್ಲದೆ ಹಾಗೇ ಉಳಿದುಬಿಡ್ತು.

ಸೂಚನೆ ಸಿಕ್ಕಿತ್ತು, ನಾವು ನೋಡ್ಲಿಲ್ಲ. ಕತ್ತರಿಸುವಾಗ ತುಂಡು ಪುಡಿ ಪುಡಿ ಆಗಿ ಒಡೀತಿತ್ತು, ಒಳಗೆ ಅಲ್ಲಲ್ಲಿ ಬಿಳಿ ಚುಕ್ಕೆ. ಮೇಲ್ಗಡೆ ಮಾತ್ರ ತೆಳು ಬಿಳಿ ಪುಡಿ ಬರುದು ಬೇರೆ, ಅದು ಗಾಳಿ ತಾಗಿ ಆಗೋ ಸೋಡಾ, ಒರೆಸಿದ್ರೆ ಹೋಗ್ತದೆ. ಒಳಗಿನ ಚುಕ್ಕೆಗೆ ಹೆದರ್ಬೇಕಿತ್ತು. ನಾವು ಒಂದು ತಿಂಗಳು ಇಟ್ರೆ ಸರಿ ಆಗ್ತದೆ ಅಂದ್ಕೊಂಡ್ವಿ. ತಿಂಗಳು ಇಟ್ರೆ ನೀರು ಆರಿ ಸಾಬೂನು ಗಟ್ಟಿ ಆಗ್ತದೆ ಅಷ್ಟೇ, ಹೆಚ್ಚಾದ ಕಾಸ್ಟಿಕ್ ಎಲ್ಲಿಗೆ ಹೋಗ್ತದೆ? ಪಿಎಚ್ ಪೇಪರ್ ಹಾಕಿ ನೋಡಿದ್ವಿ, ಅದೂ ಸರಿ ಹೇಳ್ಲಿಲ್ಲ, ಒಳ್ಳೆ ಸಾಬೂನಿನದ್ದೂ 9ರಿಂದ 10 ಇರ್ತದೆ. (ಕಾಸ್ಟಿಕ್ ಹಾಕಿ ಮಾಡಿದ ಸಾಬೂನಿಗೆ "ಪಿಎಚ್ 5.5" ಅಂತ ಲೇಬಲ್ ಅಂಟಿಸುವವರನ್ನ ನಂಬ್ಬೇಡಿ.) ಈಗ ನಾವು ಒದ್ದೆ ಬೆರಳನ್ನ ಸಾಬೂನಿಗೆ ಉಜ್ಜಿ ನಾಲಿಗೆ ತುದಿಗೆ ಚೂರು ತಾಗಿಸ್ತೇವೆ, ಸಾಬೂನಿನ ರುಚಿ ಮಾತ್ರ ಬಂದ್ರೆ ಸರಿ, ಬ್ಯಾಟರಿ ಮುಟ್ಟಿದ ಹಾಗೆ ಚುರ್ ಅಂದ್ರೆ ಆ ಟ್ರೇ ಮೈಗೆ ಹಚ್ಲಿಕ್ಕೆ ಅಲ್ಲ. ಕೂಡ್ಲೇ ಬಾಯಿ ತೊಳೀಬೇಕು.

ಕಾಪುವಿನ ಒಬ್ಬರು ಅಕ್ಕ ಫೋನ್ ಮಾಡಿದ್ರು, ಕುತ್ತಿಗೆ ಕೆಂಪಾಗಿ ಉರೀತಾ ಉಂಟು, ಡಾಕ್ಟ್ರು ಇದ್ರಲ್ಲಿ ಎಂತ ಹಾಕಿದ್ದು ಕೇಳ್ತಿದ್ದಾರೆ ಅಂತ. ನಮ್ಮ ಲೇಬಲ್ಲಿನಲ್ಲಿ ಇದ್ದದ್ದು "100% ಕೆಮಿಕಲ್ ಇಲ್ಲ", ಕೆಳಗೆ ಬೇವಿನ ಎಲೆ ಚಿತ್ರ. ಕಾಸ್ಟಿಕ್ ಅಂತ ಹೇಳುವಾಗ ನನ್ನ ಗಂಟಲು ಒಣಗಿತ್ತು. ಯಾವ ಟ್ರೇಯದ್ದು, ಯಾವ ದಿನದ್ದು ಅಂತ ನಂಬರೂ ಹಾಕಿರ್ಲಿಲ್ಲ, ಹಾಗಾಗಿ ಅಂಗಡಿಯಿಂದ ಪೂರ್ತಿ ವಾಪಸ್ ತಂದು, ಗೊತ್ತಿದ್ದ ಎಲ್ರಿಗೂ ಫೋನ್ ಮಾಡ್ಬೇಕಾಯ್ತು.

ಆ ಫೋನಿನಲ್ಲೇ ಇನ್ನೊಂದು ಗೊತ್ತಾಯ್ತು ನೋಡಿ. ಅಷ್ಟಮಿಗೆ ತಗೊಂಡವರಲ್ಲಿ ಅರ್ಧಕ್ಕರ್ಧ ಜನ ಸಾಬೂನು ಇನ್ನೂ ಬಿಚ್ಚೇ ಇಲ್ಲ! ನೆಂಟರು, ಪರಿಚಯದವರು, ನಮ್ಮ ಮುಖ ನೋಡಿ ತಗೊಂಡದ್ದು. ಎರಡನೇ ಸಲ ಕೇಳಿ ತಗೊಂಡವರು ಎಂಟೇ ಜನ. 300ರ ಆರ್ಡರಿಗೆ ಹಾರುವಾಗ ನಾವು ಆ ಎಂಟನ್ನ ಎಣಿಸ್ಲೇ ಇಲ್ಲ.

ತಲೆ ಎಣ್ಣೆದ್ದೂ ಸೇಮ್ ಕಥೆ. ಮಳೆಗಾಲದಲ್ಲಿ ದಾಸವಾಳದ ಎಲೆ ಸರಿ ಒಣಗಿಸದೆ ಎಣ್ಣೆಗೆ ಹಾಕಿದ್ವಿ, ತಳದಲ್ಲಿ ನೀರು ನಿಂತು ಮೂರು ವಾರಕ್ಕೆ ಮುಗ್ಗಲು ವಾಸನೆ. ಕಾಯಿಸುವಾಗ ಚಟಪಟ ಸದ್ದು ಪೂರ್ತಿ ನಿಲ್ಲಬೇಕು, ಎಲೆ ಗರಿಗರಿ ಆಗ್ಬೇಕು, ಅಲ್ಲಿವರೆಗೆ ನೀರು ಉಂಟು ಅಂತಲೇ ಅರ್ಥ. "ಬೋಳು ತಲೆಯಲ್ಲಿ ಕೂದಲು ಬರ್ತದೆ" ಅಂತ ಬರ್ದದ್ದನ್ನ ಕೂಡ ತೆಗ್ದಿದ್ದೇವೆ, ಹಾಗೆ ಹೇಳಿದ್ರೆ ಅದು ಔಷಧಿ ಅಂತ ಮಾರಿದ ಹಾಗೆ, ಕಾನೂನೇ ಬೇರೆ. ಬರೀ ಸಾಬೂನು ಮಾಡಿ ಮಾರ್ಲಿಕ್ಕೂ ಕಾಸ್ಮೆಟಿಕ್ಸ್ ಲೈಸೆನ್ಸ್ ಬೇಕು, 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ. ನಮ್ಗೆ ಅದೂ ಗೊತ್ತಿರ್ಲಿಲ್ಲ, ಈಗ ಮಾರುದು ನಿಲ್ಸಿದ್ದೇವೆ.

ಅಷ್ಟಮಿ ಆದ್ಮೇಲೆ ಹಸಿರು ಕಾಗದ, ಹಳದಿ ದಾರ ಕಟ್ಟಿದ ಸಾಬೂನು ನಿಮ್ಮಲ್ಲಿ ಯಾರ ಮನೇಲಾದ್ರೂ ಇದ್ರೆ ಮೈಗೆ ಹಚ್ಬೇಡಿ, ಮಕ್ಕಳ ಕೈಗೂ ಕೊಡ್ಬೇಡಿ. ಮೆಸೇಜ್ ಮಾಡಿ, ನಾನೇ ಬಂದು ತಗೊಂಡು ದುಡ್ಡು ವಾಪಸ್ ಕೊಡ್ತೇನೆ.