ಸಂಚಿಕೆಯ ನಡುವಿನ ಒಂದು ನಿಮಿಷ: ಪ್ರಾಯೋಜಕರ ಮಾತು ಓದುವ ಮೂರು ಬಗೆ

ಪಾಡ್‌ಕಾಸ್ಟ್ ಕೇಳುವವರ ಬೆರಳಿನ ಪಕ್ಕದಲ್ಲೇ ಮುಂದೆ ಹಾರಿಸುವ ಗುಂಡಿ ಇರುತ್ತದೆ. ಸಂಚಿಕೆಯ ನಡುವೆ ಜಾಹೀರಾತು ಓದುವ ನಿರೂಪಕನಿಗೆ ಎದುರಾಳಿ ಎಂದರೆ ಅದೊಂದೇ. ಕಲಬುರಗಿಯಿಂದ ನಾವು ನಡೆಸುವ ಸ್ಥಳೀಯ ಇತಿಹಾಸದ ಪಾಡ್‌ಕಾಸ್ಟ್‌ಗೆ ಊರಿನ ಒಂದು ದಾಲ್ ಮಿಲ್ ಪ್ರಾಯೋಜಕರಾಗಿ ಬಂದಾಗ, ಒಂದೇ ಬೇಳೆಯ ಜಾಹೀರಾತನ್ನು ಬೇರೆ ಬೇರೆ ಸಂಚಿಕೆಗಳಲ್ಲಿ ಮೂರು ಬಗೆಯಲ್ಲಿ ಓದಿ ನೋಡಿದೆ: ಅವರು ಬರೆದು ಕೊಟ್ಟಂತೆ, ಅಂಶಗಳನ್ನಷ್ಟೇ ಇಟ್ಟುಕೊಂಡು ಬಾಯಿಗೆ ಬಂದಂತೆ, ಮತ್ತು ನಾನೇ ಬರೆದುಕೊಂಡು. ಸಂಚಿಕೆಗಳ ವಿಷಯ ಬೇರೆಯಾದ್ದರಿಂದ ಇದು ಪ್ರಯೋಗಾಲಯದ ಪರೀಕ್ಷೆಯಲ್ಲ. ಆದರೂ ವ್ಯತ್ಯಾಸ ಕಿವಿಗೇ ತಿಳಿಯುವಷ್ಟಿತ್ತು.

ಮಿಲ್ಲಿನವರು ಕಳುಹಿಸಿದ ಬರಹ ಹೀಗೆ ಶುರುವಾಗುತ್ತಿತ್ತು: ‘ಗುಣಮಟ್ಟಕ್ಕೆ ಮತ್ತೊಂದು ಹೆಸರು, ರಾಜ್ಯದಲ್ಲೇ ಅತ್ಯುತ್ತಮ, ಜಿಐ ಮಾನ್ಯತೆ ಪಡೆದ ನಮ್ಮ ಬೇಳೆ...’ ಇದನ್ನು ಯಾರು ಓದಿದರೂ ಜಾತ್ರೆಯ ಧ್ವನಿವರ್ಧಕವೇ ಕೇಳಿಸುತ್ತದೆ. ಧ್ವನಿ ನನ್ನದೇ ಆದರೂ ಮಾತು ನನ್ನದಲ್ಲ ಎಂಬುದು ಮೊದಲ ವಾಕ್ಯದಲ್ಲೇ ಬಯಲಾಗುತ್ತದೆ. ಕೇಳುಗರು ಎಲ್ಲಿ ಬಿಟ್ಟು ಹೋದರು ಎಂದು ತೋರಿಸುವ ಗೆರೆ ಜಾಹೀರಾತಿನ ಆರಂಭದಲ್ಲಿ ಥಟ್ಟನೆ ಇಳಿದು, ಅದು ಮುಗಿದ ಕಡೆ ಮತ್ತೆ ಮೇಲೆದ್ದಿತ್ತು. ಅಂದರೆ ಜನ ನಮ್ಮನ್ನು ಬಿಟ್ಟಿರಲಿಲ್ಲ, ಆ ನಿಮಿಷವನ್ನಷ್ಟೇ ಹಾರಿಸಿದ್ದರು.

ಸಪ್ಪೆತನಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ‘ಅತ್ಯುತ್ತಮ’ ಎನ್ನಲು ಆಧಾರವೇನು? ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿರುವುದು ಕಲಬುರಗಿಯ ತೊಗರಿಗೆ, ಯಾವುದೋ ಒಂದು ಮಿಲ್ಲಿಗಲ್ಲ. ಆ ಗುರುತನ್ನು ಬಳಸುವವರು ಅಧಿಕೃತ ಬಳಕೆದಾರರೆಂದು ನೋಂದಣಿ ಮಾಡಿಸಿಕೊಂಡಿರಬೇಕು. ಕೇಳಿದಾಗ ಮಿಲ್ಲಿನ ಸಾಹುಕಾರರು, ‘ಅದನ್ನೆಲ್ಲ ಹುಡುಗರು ಬರೆದಿದ್ದಾರೆ’ ಎಂದು ನಕ್ಕರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯ ಪ್ರಕಾರ, ವಸ್ತುವನ್ನು ಅನುಮೋದಿಸುವವರ ಮಾತು ಅವರ ನಿಜವಾದ ಅಭಿಪ್ರಾಯವಾಗಿರಬೇಕು. ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕು. ಹುಡುಗರು ಬರೆದರೆಂಬ ಸಮಜಾಯಿಷಿ ಮೈಕ್ ಮುಂದೆ ಕೂತವನ ನೆರವಿಗೆ ಬಾರದು.

ಎರಡನೆಯ ಬಗೆಯಲ್ಲಿ ಚೀಟಿಯ ಮೇಲೆ ನಾಲ್ಕು ಅಂಶಗಳಷ್ಟೇ: ಬೇಳೆ, ಬೇಯುವ ಸಮಯ, ಬೆಲೆ, ರಿಯಾಯಿತಿಯ ಕೋಡ್. ಮಾತು ಸಹಜವಾಗಿ ಬಂತು ನಿಜ, ಮೊಟಕಾಗಿ ಬರಲಿಲ್ಲ. ಬೇಳೆಯಿಂದ ಜೋಳದ ರೊಟ್ಟಿಗೆ, ರೊಟ್ಟಿಯಿಂದ ಶೇಂಗಾ ಹಿಂಡಿಗೆ ಹಾರಿ, ಒಂದು ನಿಮಿಷದ ಜಾಹೀರಾತು ಎರಡು ನಿಮಿಷ ದಾಟಿತು. ಉತ್ಸಾಹದ ಭರದಲ್ಲಿ ‘ಇಂಥ ಬೇಳೆ ಬೇರೆಲ್ಲೂ ಸಿಗುವುದಿಲ್ಲ’ ಎಂಬಂತಹ ಮಾತೂ ತೂರಿಕೊಂಡಿತು; ಅದನ್ನು ಸಂಕಲನದಲ್ಲಿ ಕತ್ತರಿಸಬೇಕಾಯಿತು. ಹೊಗಳಿಕೆ ಬಾಯಿಗೆ ಬೇಗ ಬರುತ್ತದೆ, ಕೋಡ್ ಮಾತ್ರ ತಪ್ಪುತ್ತದೆ.

ಮೂರನೆಯದಕ್ಕೆ ಮೊದಲು ಬೇಳೆಯನ್ನು ಮನೆಗೆ ತಂದು ಬಳಸಿದೆವು, ಆಮೇಲೆ ಬರೆದೆ. ಅಂದಿನ ಸಂಚಿಕೆ ಕಲಬುರಗಿ ಕೋಟೆಯ ಜಾಮಾ ಮಸೀದಿಯ ಬಗ್ಗೆ. 1367ರ ಆ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡವೇ ಚಾವಣಿಯಡಿ ಇದೆ. ಪ್ರಶ್ನೆ ಎದ್ದು ಉತ್ತರ ಇನ್ನೂ ಬರದ ಜಾಗದಲ್ಲಿ ಇದನ್ನು ಓದಿದೆ:

‘ಅಂಗಳಕ್ಕೂ ಚಾವಣಿ ಏಕೆ ಎಂಬ ಮಾತಿಗೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಜಾಹೀರಾತು. ಇದಕ್ಕೆ ನಮಗೆ ಹಣ ಸಂದಿದೆ. ಇಂದಿನ ಪ್ರಾಯೋಜಕರು ನಮ್ಮೂರಿನ ಒಂದು ದಾಲ್ ಮಿಲ್. (ಇಲ್ಲಿ ಹೆಸರು.) ಇವರ ತೊಗರಿ ಬೇಳೆಯನ್ನು ಮನೆಯಲ್ಲಿ ಬಳಸಿ ನೋಡಿದ್ದೇವೆ. ಅರ್ಧ ಗಂಟೆ ನೆನೆಸಿಟ್ಟರೆ ಕುಕ್ಕರಿನ ಮೂರನೆಯ ಸೀಟಿಗೆ ಬೆಂದಿರುತ್ತದೆ. ನೆನೆಸದಿದ್ದರೆ ಇನ್ನೆರಡು ಸೀಟಿ ಬೇಕು. ಗಂಜ್ ಮಾರುಕಟ್ಟೆಯಲ್ಲಿ ಸಿಗುವ ಬಿಡಿ ಬೇಳೆಗಿಂತ ಇದು ತುಟ್ಟಿ. ಚೀಲಗಟ್ಟಲೆ ಕೊಳ್ಳುವ ಮನೆಗೆ ಇದು ಹೊಂದುವುದಿಲ್ಲ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದುಕೊಂಡು ಊರ ಬೇಳೆಯನ್ನು ನೆನೆಯುವವರು ಒಂದು ಕಿಲೋ ತರಿಸಿ ನೋಡಬಹುದು. ಕೋಡ್ ಕೇಳಿದಲ್ಲಿ ಒಂದು, ಮೂರು, ಆರು, ಏಳು ಎಂದು ಒತ್ತಿದರೆ ಸಾಗಣೆ ಖರ್ಚಿಲ್ಲ. ಮಸೀದಿ ಕಟ್ಟಿದ ವರ್ಷವೇ ಅದು. ಜಾಹೀರಾತು ಮುಗಿಯಿತು. ಈಗ ಚಾವಣಿ.’

ನನ್ನ ಓದಿನ ವೇಗಕ್ಕೆ ಇದು ಒಂದು ನಿಮಿಷದ ಆಸುಪಾಸಿನದು. ಪದ ಎಣಿಸಿ ಉದ್ದ ಅಳೆಯುವುದು ಕನ್ನಡಕ್ಕೆ ಒಗ್ಗುವುದಿಲ್ಲ. ವಿಭಕ್ತಿ, ಸಂಧಿ ಎಲ್ಲ ಸೇರಿ ಒಂದೊಂದು ಪದವೂ ಉದ್ದ. ಮೊಬೈಲ್‌ನ ಗಡಿಯಾರ ಹಿಡಿದು ಗಟ್ಟಿಯಾಗಿ ಓದುವುದೊಂದೇ ದಾರಿ. ಉಸಿರು ಎಳೆದುಕೊಳ್ಳಬೇಕಾದ ವಾಕ್ಯವನ್ನು ಒಡೆಯಬೇಕು.

ಸಾಹುಕಾರರು ತಕರಾರು ತೆಗೆದದ್ದು ‘ತುಟ್ಟಿ’ ಎಂಬ ಸಾಲಿಗೆ. ‘ಸರ್, ನಮ್ಮ ರೊಕ್ಕ ತೆಗೆದುಕೊಂಡು ನಮ್ಮ ಬೇಳೆಯನ್ನೇ ತುಟ್ಟಿ ಎನ್ನುತ್ತೀರಲ್ಲ!’ ಗಂಜಿನ ದರ ಊರಿನವರಿಗೆಲ್ಲ ಗೊತ್ತು, ನಾನು ಹೇಳದಿದ್ದರೆ ಅವರೇ ಹೇಳಿಕೊಳ್ಳುತ್ತಾರೆ ಎಂದೆ. ಒಂದೆರಡು ದಿನ ಯೋಚಿಸಿ ಒಪ್ಪಿದರು. ಕೊರತೆ ಹೇಳುವುದರಲ್ಲೂ ನಕಲಿ ಇರುತ್ತದೆ. ‘ಎಷ್ಟು ರುಚಿ ಎಂದರೆ ಬೇಗ ಖಾಲಿಯಾಗುತ್ತದೆ, ಅದೇ ತೊಂದರೆ’ ಎಂಬುದು ವೇಷ ಹಾಕಿದ ಹೊಗಳಿಕೆ. ಯಾರು ಕೊಳ್ಳಬೇಕಿಲ್ಲ ಎಂದು ಕೇಳುಗರು ತೀರ್ಮಾನಿಸಲು ನೆರವಾದರೆ ಮಾತ್ರ ಅದು ಕೊರತೆಯ ಸಾಲು. ಮುಖ್ಯವಾಗಿ, ಆ ಸಾಲನ್ನು ಧ್ವನಿ ತಗ್ಗಿಸದೆ ಓದಬೇಕು.

ಅಂಕಿಯ ಕೋಡ್‌ಗೂ ಕಾರಣವಿದೆ. ಮಿಲ್ಲಿನವರು ಮೊದಲು ಕೊಟ್ಟದ್ದು TOGARI10. ಕಿವಿಯಿಂದ ಕೇಳಿದವರಲ್ಲಿ ಕೆಲವರು THOGARI ಎಂದು ಒತ್ತಿ, ರಿಯಾಯಿತಿ ಸಿಗಲಿಲ್ಲವೆಂದು ನಮಗೆ ಸಂದೇಶ ಕಳುಹಿಸಿದ್ದರು. ಅಂಕಿಗೆ ಕಾಗುಣಿತದ ಗೋಜಿಲ್ಲ.

ಜಾಹೀರಾತು ಶುರುವಾಯಿತು, ಮುಗಿಯಿತು ಎಂದು ಬಾಯಿಬಿಟ್ಟು ಹೇಳಿದರೆ ಜನ ಹಾರಿಸುತ್ತಾರೆ ಎಂಬ ಅಂಜಿಕೆ ನಮ್ಮ ಜೊತೆಗಾರನಿಗಿತ್ತು. ಆದರೆ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯ 2021ರ ಮಾರ್ಗಸೂಚಿ ಆಡಿಯೊಗೆ ಕೇಳುವುದು ಅದನ್ನೇ: ಆರಂಭದಲ್ಲಿ, ಕೊನೆಯಲ್ಲಿ, ನಡುವಿನ ಪ್ರತಿ ವಿರಾಮದ ಹಿಂದೆ ಮುಂದೆ ಘೋಷಣೆ ಇರಬೇಕು. ಹಾಗೆ ಹೇಳಿಯೇ ಓದಿದ ಸಂಚಿಕೆಯಲ್ಲಿ, ಕೇಳುಗರು ಬಿಟ್ಟು ಹೋದದ್ದನ್ನು ತೋರಿಸುವ ಆ ಗೆರೆ ಮೊದಲಿನಷ್ಟು ಕುಸಿಯಲಿಲ್ಲ. ‘ಈಗ ಚಾವಣಿ’ ಬರಲಿದೆ ಎಂಬ ಕುತೂಹಲ ಒಂದಷ್ಟು ಜನರನ್ನು ಹಿಡಿದಿಟ್ಟಿರಬಹುದು. ಅದಕ್ಕೆಂದು ಪ್ರತಿ ಸಲವೂ ಕಥೆಯನ್ನು ಗಂಟು ಹಾಕಿ ನಿಲ್ಲಿಸಿದರೆ ಕೇಳುಗರಿಗೆ ಕಿರಿಕಿರಿಯೇ. ಸಂದರ್ಶನದ ಸಂಚಿಕೆಗಳಲ್ಲಿ ಅತಿಥಿಯ ಮಾತನ್ನು ಅರ್ಧಕ್ಕೆ ತುಂಡರಿಸಿ ಬೇಳೆ ಮಾರುವುದು ಮರ್ಯಾದೆಯೂ ಅಲ್ಲ. ಅಲ್ಲಿ ಒಂದು ಪ್ರಶ್ನೆಯ ಉತ್ತರ ಮುಗಿದ ಮೇಲೆಯೇ ಓದುತ್ತೇನೆ.

ಮೂರನೆಯ ಬಗೆಯನ್ನೇ ಈಗ ಇಟ್ಟುಕೊಂಡಿದ್ದೇನೆ. ಬರೆಯಲು ಅರ್ಧ ದಿನ, ಪ್ರಾಯೋಜಕರನ್ನು ಒಪ್ಪಿಸಲು ಇನ್ನಷ್ಟು ಸಮಯ ಹಿಡಿಯುವುದು ಅದರ ಬೆಲೆ. ಬಳಸಿ ನೋಡಲಾಗದ ವಸ್ತುವಿಗೆ ಇದು ನಡೆಯುವುದಿಲ್ಲ. ಮ್ಯೂಚುವಲ್ ಫಂಡ್ ಜಾಹೀರಾತು ಬಂದರೆ ಮಾರುಕಟ್ಟೆ ಅಪಾಯದ ಎಚ್ಚರಿಕೆಯನ್ನು ಕೊಟ್ಟ ಮಾತಿನಲ್ಲೇ ಓದಬೇಕು, ಅಲ್ಲಿ ನನ್ನ ಕಲೆಗಾರಿಕೆಗೆ ಜಾಗವಿಲ್ಲ. ಅಂಥವರಿಗೆ ನಿಧಾನವಾಗಿ, ಅವಸರಿಸದೆ ಓದುತ್ತೇನೆ ಎಂದಷ್ಟೇ ಮಾತು ಕೊಡುತ್ತೇನೆ.