ಒಂದೇ ತರಬೇತಿ, ಮೂರು ತಲೆಬರಹ: ಪತ್ರಿಕಾ ಪ್ರಕಟಣೆ ಬರೆದು ನೋಡಿದ್ದು

ನಮ್ಮ ಯುವಕ ಮಂಡಲ 2025ರ ಆರಂಭದಲ್ಲಿ ಒಂದೇ ತರಬೇತಿಯನ್ನು ಮೂರು ಕಡೆ ನಡೆಸಿತು. ಮೊದಲು ಬೇಳ, ಆಮೇಲೆ ಪೆರ್ಲ, ಕೊನೆಗೆ ಮುಳ್ಳೇರಿಯ. ಹಳೆಯ ಸುರಂಗಗಳ ಹೂಳು ತೆಗೆಯುವುದನ್ನು ಊರಿನ ಹುಡುಗರಿಗೆ ಕಲಿಸುವ ಕೆಲಸ. ಕಾಸರಗೋಡಿನವರಿಗೆ ಸುರಂಗ ಎಂದರೆ ಏನೆಂದು ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಇಕ್ಕಟ್ಟಾದ ದಾರಿ ಅದು. ಒಳಗೆ ಜಿನುಗಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ.

ಪತ್ರಿಕಾ ಪ್ರಕಟಣೆ ಬರೆಯುವ ಕೆಲಸ ನನ್ನದು. ಮೂರು ಸಲವೂ ಅದೇ ಹನ್ನೊಂದು ವಿಳಾಸಗಳಿಗೆ ಕಳಿಸಿದೆ. ಪತ್ರಿಕೆಗಳೂ ಇದ್ದವು, ಸುದ್ದಿ ಜಾಲತಾಣಗಳೂ ಇದ್ದವು. ತಲೆಬರಹ ಮತ್ತು ಅದರ ಕೆಳಗಿನ ಸಾರಾಂಶ ಮಾತ್ರ ಪ್ರತಿ ಸಲ ಬೇರೆ.

ಬೇಳದ ತರಬೇತಿಗೆ ನಾವು ಯಾವಾಗಲೂ ಬರೆಯುವ ಹಾಗೆಯೇ ಬರೆದೆ:

“ಗಡಿನಾಡ ಯುವಕ ಮಂಡಲದ ವಾರ್ಷಿಕೋತ್ಸವದ ಅಂಗವಾಗಿ ಗಣ್ಯರ ಉಪಸ್ಥಿತಿಯಲ್ಲಿ ಒಂದು ದಿನದ ವಿಶೇಷ ಕಾರ್ಯಾಗಾರ”

ಸಾರಾಂಶದಲ್ಲಿ ಯಾರು ಅಧ್ಯಕ್ಷತೆ ವಹಿಸುತ್ತಾರೆ, ಯಾರು ಉದ್ಘಾಟಿಸುತ್ತಾರೆ, ಯಾರು ಸ್ವಾಗತಿಸುತ್ತಾರೆ ಎಂದೆಲ್ಲ ಇತ್ತು. ನಾಲ್ಕು ಕಡೆ ಬಂತು. ನಾಲ್ವರೂ ತಲೆಬರಹ ಬದಲಿಸಿದ್ದರು. ಒಂದು ಕಡೆ ಸಮಯವೂ ತಪ್ಪಿತ್ತು, ಉದ್ಘಾಟನೆಯ ಹೊತ್ತನ್ನೇ ತರಬೇತಿಯ ಹೊತ್ತು ಎಂದು ಹಾಕಿದ್ದರು. ಪರಿಚಯದ ಉಪಸಂಪಾದಕರೊಬ್ಬರು ಫೋನಿನಲ್ಲಿ ಹೇಳಿದರು: “ಮಾಷ್ಟ್ರೇ, ನಿಮ್ಮ ಪ್ರಕಟಣೆಯಲ್ಲಿ ಸುದ್ದಿ ಏಳನೇ ಸಾಲಿನಲ್ಲಿದೆ. ಅಷ್ಟು ಕೆಳಗೆ ಹೋಗುವಷ್ಟು ಹೊತ್ತು ನನಗೆ ಎಲ್ಲಿದೆ?”

ನಿಜ. ತಲೆಬರಹದಲ್ಲಿ ಸುರಂಗ ಎಂಬ ಪದವೇ ಇಲ್ಲ. ಬೇಳ ಇಲ್ಲ, ದಿನ ಇಲ್ಲ. ‘ಗಡಿನಾಡು’ ಎಂಬ ಮಾತು ನಮಗೆ ಪ್ರೀತಿಯದು, ಆದರೆ ಬೆಂಗಳೂರಿನಲ್ಲಿ ಕೂತು ಓದುವವರಿಗೆ ಅದು ಬೆಳಗಾವಿಯೂ ಆಗಬಹುದು, ಬಳ್ಳಾರಿಯೂ ಆಗಬಹುದು. ಮೊಬೈಲಿನ ಹುಡುಕಾಟದಲ್ಲಿ ಆ ಸಾಲು “ವಾರ್ಷಿಕೋತ್ಸವದ ಅಂಗವಾಗಿ” ಎಂಬಲ್ಲಿಗೇ ಕತ್ತರಿಸಿ ಹೋಗುತ್ತಿತ್ತು. ಗೂಗಲ್ ಇಷ್ಟೇ ಅಕ್ಷರ ಎಂದು ಮಿತಿ ಇಟ್ಟಿಲ್ಲ, ಪರದೆಯ ಅಗಲ ನೋಡಿ ಕತ್ತರಿಸುತ್ತದೆ. ನಮ್ಮ ಅಕ್ಷರಗಳು ಇಂಗ್ಲಿಷಿಗಿಂತ ಅಗಲ. ಹಾಗಾಗಿ ಮೊದಲ ನಾಲ್ಕೈದು ಪದಗಳಲ್ಲಿ ಏನು, ಎಲ್ಲಿ ಎಂಬುದು ಬಂದುಬಿಡಬೇಕು. ಉಳಿದದ್ದು ಕಾಣಿಸಿದರೆ ಲಾಭ, ಕಾಣಿಸದಿದ್ದರೂ ನಷ್ಟವಿಲ್ಲ.

ಪೆರ್ಲಕ್ಕೆ ಚೆಂದದ ತಲೆಬರಹ ಮಾಡಿದೆ: “ಗುಡ್ಡದ ಎದೆಯೊಳಗೆ ನೀರಿನ ದಾರಿ”. ಇದರ ಬಗ್ಗೆ ಕೆಟ್ಟದ್ದು ಹೇಳಲು ಮನಸ್ಸಿಲ್ಲ. ಒಂದು ಪತ್ರಿಕೆಯವರು ಇಷ್ಟಪಟ್ಟು, ಫೋಟೋ ಕೇಳಿ ತರಿಸಿಕೊಂಡು, ತಲೆಬರಹ ಹಾಗೇ ಇಟ್ಟು ಅರ್ಧ ಪುಟ ಕೊಟ್ಟರು. ಮುದ್ರಿತ ಪುಟದಲ್ಲಿ ಪಕ್ಕದಲ್ಲೇ ಫೋಟೋ ಇರುತ್ತದೆ, ಅರ್ಥ ತಾನಾಗಿ ಕೂಡಿಕೊಳ್ಳುತ್ತದೆ. ಆದರೆ ಅದು ಬಂದದ್ದು ತರಬೇತಿ ಮುಗಿದ ಮೇಲೆ! ಜಾಲತಾಣಗಳಲ್ಲಿ ಬಂದದ್ದು ಎರಡೇ ಕಡೆ. ಪೆರ್ಲದಲ್ಲಿ ಸುರಂಗದ ತರಬೇತಿ ಇದೆಯಾ ಎಂದು ಹುಡುಕುವವರು “ಗುಡ್ಡದ ಎದೆ” ಎಂದು ಟೈಪ್ ಮಾಡುವುದಿಲ್ಲ ಅಲ್ವಾ? ಲೇಖನಕ್ಕೆ ಈ ಬಗೆ ಒಳ್ಳೆಯದು. ಜನ ಬರಬೇಕಾದ ಕಾರ್ಯಕ್ರಮಕ್ಕೆ ಅಲ್ಲ.

ಮುಳ್ಳೇರಿಯಕ್ಕೆ ಬರೆದದ್ದು ಇದು:

“ಮುಳ್ಳೇರಿಯದಲ್ಲಿ ಫೆ. 16ರಂದು ಸುರಂಗ ಶುಚಿಗೊಳಿಸುವ ಉಚಿತ ತರಬೇತಿ”

ಸಾರಾಂಶ: “ಮುಳ್ಳೇರಿಯ: ಕಾಸರಗೋಡು ಜಿಲ್ಲೆಯ ಹಳೆಯ ನೀರಿನ ಸುರಂಗಗಳ ಹೂಳು ತೆಗೆಯುವ ಬಗ್ಗೆ ಯುವಕರಿಗೆ ಒಂದು ದಿನದ ಉಚಿತ ತರಬೇತಿ 2025ರ ಫೆಬ್ರವರಿ 16, ಭಾನುವಾರ ಬೆಳಗ್ಗೆ 9.30ರಿಂದ ಮುಳ್ಳೇರಿಯದಲ್ಲಿ ನಡೆಯಲಿದೆ. 18 ವರ್ಷ ದಾಟಿದವರು ಹೆಸರು ನೋಂದಾಯಿಸಬಹುದು. ಒಳಗಿನ ಗಾಳಿ ಪರೀಕ್ಷಿಸುವ ಕ್ರಮವನ್ನು ಅನುಭವಿ ಸುರಂಗ ಕೆಲಸಗಾರರು ತೋರಿಸಿಕೊಡುತ್ತಾರೆ.”

ಎಂಟು ಕಡೆ ಬಂತು. ಆರು ಕಡೆ ಒಂದಕ್ಷರ ಬದಲಾಗಿರಲಿಲ್ಲ. ಮೂರನೇ ಸಲಕ್ಕೆ ಅವರಿಗೆಲ್ಲ ನಮ್ಮ ಮುಖ ಪರಿಚಯ ಆಗಿತ್ತು ಎಂಬುದೂ ನಿಜ. ಹಾಗಾಗಿ ಎಂಟು ಎಂಬ ಲೆಕ್ಕಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಆರು ಕಡೆ ತಿದ್ದದೆ ಹಾಕಿದ್ದಕ್ಕೆ ಕೊಡುತ್ತೇನೆ. ಪರಿಚಯಕ್ಕಾಗಿ ಸುದ್ದಿ ಹಾಕುತ್ತಾರೆ, ಆದರೆ ಸರಿಯಿಲ್ಲದ ಸಾಲನ್ನು ಪರಿಚಯಕ್ಕಾಗಿ ಹಾಗೇ ಬಿಡುವುದಿಲ್ಲ.

ಈ ಸಾರಾಂಶದಲ್ಲಿ ಎರಡು ಸಂಗತಿ ಬೇಕೆಂದೇ ಮಾಡಿದ್ದು. ಮೊದಲನೆಯದು, ಊರಿನ ಹೆಸರಿನಿಂದ ಶುರು ಮಾಡಿದ್ದು. ನಮ್ಮ ಪತ್ರಿಕೆಗಳ ಜಿಲ್ಲಾ ಸುದ್ದಿ ಶುರುವಾಗುವುದೇ ಹಾಗೆ. ವರದಿಗಾರರು ಮೊದಲ ಎರಡು ವಾಕ್ಯವನ್ನು ನಕಲು ಮಾಡಿ ಅಂಟಿಸಿದರೆ ಸುದ್ದಿ ಮುಗಿಯಿತು. ಜಾಗ ಇದ್ದರೆ ಮುಂದಿನದ್ದು ಹಾಕುತ್ತಾರೆ, ಇಲ್ಲದಿದ್ದರೆ ಎರಡೇ ಸಾಲು ಸಾಕು. ಎರಡನೆಯದು, ತಾರೀಕು. ಮೊದಲೆಲ್ಲ “ನಾಳೆ”, “ಬರುವ ಭಾನುವಾರ” ಎಂದು ಬರೆಯುತ್ತಿದ್ದೆ. ಪತ್ರಿಕೆಗೆ ಅದು ನಡೆಯುತ್ತದೆ, ಮರುದಿನ ಅದು ಹಳೆ ಕಾಗದ. ಜಾಲತಾಣದ ಪುಟ ವರ್ಷಗಟ್ಟಲೆ ಇರುತ್ತದೆ. ಮುಂದೊಂದು ದಿನ ಅದನ್ನು ನೋಡಿ “ಬರುವ ಭಾನುವಾರ” ಎಂದು ಯಾರೋ ಹೊರಟು ಬಂದರೆ ತಪ್ಪು ನಮ್ಮದೇ. ಅದಕ್ಕೆ ಸಾರಾಂಶದಲ್ಲಿ ವರ್ಷವೂ ಇರಲಿ.

ಮತ್ತೊಂದು ಮಾತು ಮೂರಕ್ಕೂ ಸೇರಿದ್ದು. ಬೇಳದ ಪ್ರಕಟಣೆಯನ್ನು ಮೊದಲು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆ. ಅದನ್ನು ಮೇಲ್‌ಗೆ ಅಂಟಿಸಿದಾಗ ಕಾಸರಗೋಡು ಎಂಬುದು `PÁ¸ÀgÀUÉÆÃqÀÄ` ಎಂದು ಕಂಡಿತು. ಹುಡುಕುವವರು ಕನ್ನಡದಲ್ಲಿ ಟೈಪ್ ಮಾಡಿದರೆ ಇದು ಸಿಗುವ ಪ್ರಶ್ನೆಯೇ ಇಲ್ಲ. ಲೆಟರ್‌ಹೆಡ್ಡಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೂ ಅಷ್ಟೇ, ಅಲ್ಲಿ ಯಾರೋ ಕೂತು ಮತ್ತೆ ಟೈಪ್ ಮಾಡಬೇಕು. ಈಗ ಯೂನಿಕೋಡ್‌ನಲ್ಲಿ ಬರೆದು ಮೇಲ್‌ನ ಒಳಗೇ ಹಾಕುತ್ತೇನೆ, ಮೇಲ್‌ನ ವಿಷಯದ ಸಾಲಿಗೂ ಅದೇ ತಲೆಬರಹ.

ಸುದ್ದಿ ಹುಡುಕಾಟಕ್ಕೆ ಸಿಗುತ್ತದೆಯೇ ಎಂದು ನೋಡಲು ನನ್ನ ಫೋನ್ ಬಳಸುವುದಿಲ್ಲ. ನಾನು ಮತ್ತೆ ಮತ್ತೆ ತೆರೆದ ಪುಟವನ್ನೇ ಅದು ನನಗೆ ಮೇಲೆ ತೋರಿಸಬಹುದು. ಅಕ್ಕನ ಮಗನ ಫೋನಿನಲ್ಲಿ ಹೀಗೆ ಹಾಕಿ ನೋಡುತ್ತೇನೆ, ತಾಣದ ವಿಳಾಸ ಮಾತ್ರ ಬದಲಿಸಿಕೊಂಡು:

```
site:example.com ಸುರಂಗ ತರಬೇತಿ ಮುಳ್ಳೇರಿಯ
```

ಇದು ಆ ಒಂದು ತಾಣದೊಳಗೆ ಮಾತ್ರ ಹುಡುಕುತ್ತದೆ. ಇದರಲ್ಲಿ ಬಂದು, `site:` ಇಲ್ಲದೆ ಹುಡುಕಿದಾಗ ಬಾರದಿದ್ದರೆ ಪುಟ ಗೂಗಲ್‌ಗೆ ಗೊತ್ತಿದೆ, ಕೆಳಗೆಲ್ಲೋ ಉಳಿದಿದೆ ಎಂದರ್ಥ. ಆರು ಕಡೆ ಒಂದೇ ಬರಹ ಇದ್ದುದರಿಂದ ಸಾಮಾನ್ಯ ಹುಡುಕಾಟದಲ್ಲಿ ಒಂದೆರಡೇ ಮೇಲೆ ಬಂದವು. ನಮಗೆ ಅಷ್ಟು ಸಾಕಿತ್ತು.

ಮೂರನೆಯ ತಲೆಬರಹವೂ ಒಂದು ಕಡೆ ಎಡವಿತು. ಒಂದು ಜಾಲತಾಣದಲ್ಲಿ ನಮ್ಮ ಸುದ್ದಿಯ ಮೇಲೆ ರೈಲು ಸುರಂಗದ ಫೋಟೋ ಬಂತು! ತಪ್ಪು ಅವರದು ಎನ್ನಲಾರೆ. ಸುರಂಗ ಎಂದರೆ ಹೊರಗಿನವರಿಗೆ ರೈಲು, ಮೆಟ್ರೋ. 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ 41 ಕಾರ್ಮಿಕರು 17 ದಿನ ಸಿಕ್ಕಿಬಿದ್ದದ್ದೂ ಸುರಂಗದಲ್ಲೇ. ‘ನೀರಿನ’ ಎಂಬ ಪದ ನನ್ನ ಸಾರಾಂಶದಲ್ಲಿತ್ತು, ತಲೆಬರಹದಲ್ಲಿ ಇರಲಿಲ್ಲ. ಫೋಟೋ ಆರಿಸಿದವರು ತಲೆಬರಹ ಮಾತ್ರ ನೋಡಿರಬೇಕು. ನಾಲ್ಕನೇ ತರಬೇತಿ ಅಡೂರಿನಲ್ಲಿ. ಅದರ ತಲೆಬರಹ ಈಗಲೇ ಬರೆದಿಟ್ಟಿದ್ದೇನೆ, ತಾರೀಕು ಮಾತ್ರ ಬಾಕಿ: “ಅಡೂರಿನಲ್ಲಿ ನೀರಿನ ಸುರಂಗ ಶುಚಿಗೊಳಿಸುವ ಉಚಿತ ತರಬೇತಿ”. ಮೇಲ್ ಜೊತೆಗೆ ಬೇಳದ ಸುರಂಗದ ಬಾಯಿಯ ಫೋಟೋ ಒಂದನ್ನು ನಾನೇ ಕಳಿಸುತ್ತೇನೆ.